ಫಾರಿನ್ ಎಂಪ್ಲಾಯಿ ಸೇರಿಸ್ಕೊಳ್ಳೋ ಬೆಂಗಳೂರು ಕಂಪನಿಗಳಿಗೆ: ವೀಸಾ ಚೆಕ್, ರಿನ್ಯೂವಲ್ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಎಚ್‌ಆರ್ ನೋಡ್ಕೊಳ್ತೀನಿ. ದೊಡ್ಡ ಐಟಿ ಕಂಪನಿಗಳಲ್ಲಿ ಇಮಿಗ್ರೇಷನ್‌ಗೇ ಅಂತ ಬೇರೆ ಟೀಮ್ ಇರತ್ತೆ, ನಮ್ಮಂಥ ಕಡೆ ಪೇರೋಲ್ ಮಾಡೋರೇ ವೀಸಾನೂ ನೋಡ್ಬೇಕು, ಆಯುಧಪೂಜೆಗೆ ಕುಂಬಳಕಾಯಿ ತರಿಸೋದೂ ಅವರೇ. ಗೊತ್ತಿರೋ ಎಚ್‌ಆರ್‌ಗಳು ಫೋನ್ ಮಾಡಿ ಕೇಳಿದ್ದನ್ನೇ ಕೇಳ್ತಾ ಇರ್ತಾರೆ, ಅದಕ್ಕೆ ಒಂದ್ಕಡೆ ಬರೆದಿಟ್ಟಿದೀನಿ. ಇದು ಇಂಡಿಯಾದಲ್ಲಿರೋ ಕಂಪನಿ ವಿದೇಶಿಯರನ್ನ ಕೆಲಸಕ್ಕೆ ತಗೊಳ್ಳೋ ವಿಷಯ. ನಮ್ಮೋರು ಅಮೆರಿಕಾಗೆ ಹೋಗೋ ವೀಸಾ ಕಥೆ ಅಲ್ಲ.

ಹೊಸದಾಗಿ ಸೇರೋ ಎಲ್ಲರ ಹತ್ರನೂ ಚೆಕ್ ಮಾಡ್ಬೇಕಾ, ಅಥವಾ ಫಾರಿನರ್ ಥರ ಕಾಣೋರ ಹತ್ರ ಮಾತ್ರನಾ?

ಎಲ್ಲರ ಹತ್ರನೂ, ಒಂದೇ ಪ್ರಶ್ನೆ. ಜಾಯ್ನಿಂಗ್ ಫಾರ್ಮಲ್ಲಿ ಒಂದು ಸಾಲು ಹಾಕ್ಬಿಡಿ: ನೀವು ಭಾರತದ ಪ್ರಜೆನಾ, ಅಲ್ಲ ಅಂದ್ರೆ ಯಾವ ದೇಶದ ಪಾಸ್‌ಪೋರ್ಟ್, ಯಾವ ಆಧಾರದ ಮೇಲೆ ಇಲ್ಲಿ ಕೆಲಸ ಮಾಡ್ತೀರ. ಮುಖ ನೋಡಿ ಕೇಳೋ ಅಭ್ಯಾಸ ಬೆಂಗಳೂರಲ್ಲಿ ಜಾಸ್ತಿ ಇದೆ, ಮಣಿಪುರದವರನ್ನ, ಮಿಜೋರಾಂನವರನ್ನ ಪಾಸ್‌ಪೋರ್ಟ್ ಕೇಳೋದು, ಬಂಗಾಳಿ ಮಾತಾಡಿದ್ರೆ ಸಾಕು ಅನುಮಾನ ಪಡೋದು, ಅದೇ ಹೊತ್ತಿಗೆ ಮೈಸೂರು ಕನ್ನಡ ಮಾತಾಡೋ ಹುಡುಗಿ ಹತ್ರ ಅಮೆರಿಕನ್ ಪಾಸ್‌ಪೋರ್ಟ್ ಇರೋದು ಯಾರಿಗೂ ಗೊತ್ತೇ ಆಗ್ದೇ ಇರೋದು. ಎರಡನೇದು ನಾನು ಕಣ್ಣಾರೆ ನೋಡಿದೀನಿ. ಇಲ್ಲೇ ಓದಿ ಬೆಳೆದವಳು, ಹುಟ್ಟಿದ್ದು ಮಾತ್ರ ಅಲ್ಲಿ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಓಸಿಐ ಕಾರ್ಡ್ ಇತ್ತು ಅಂತ ಬಚಾವ್, ಆದ್ರೆ ಅವಳು ಸೇರಿ ಎಂಟು ತಿಂಗಳು ಯಾರೂ ಅದನ್ನ ಕೇಳೇ ಇರಲಿಲ್ಲ.

ಆಧಾರ್ ಇದೆ, ಪ್ಯಾನ್ ಇದೆ. ಸಾಕಲ್ವಾ?

ಸಾಕಾಗಲ್ಲ. ಅತಿ ಹೆಚ್ಚು ಜನ ಎಡವೋದು ಇಲ್ಲೇ. ಆಧಾರ್ ಪೌರತ್ವದ ದಾಖಲೆ ಅಲ್ಲ, ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸ ಇದ್ದ ವಿದೇಶಿಯರಿಗೂ ಅದು ಸಿಗತ್ತೆ. ಪ್ಯಾನ್ ಅಂತೂ ತೆರಿಗೆಗೆ ಕೊಡೋ ನಂಬರ್ ಅಷ್ಟೇ, ವಿದೇಶಿಯರೂ ಮಾಡಿಸ್ಕೊಳ್ತಾರೆ. ಹಾಗಾಗಿ ಅವೆರಡನ್ನೂ ಪೇರೋಲ್ ಫೈಲಿಗೆ ಹಾಕಿ, ಕೆಲಸ ಮಾಡೋ ಹಕ್ಕಿದೆಯಾ ಅನ್ನೋ ಪ್ರಶ್ನೆಗೆ ಉತ್ತರ ಪಾಸ್‌ಪೋರ್ಟಲ್ಲಿ, ವೀಸಾದಲ್ಲಿ ಹುಡುಕಿ.

ಯಾರ್ಯಾರಿಗೆ ಎಂಪ್ಲಾಯ್‌ಮೆಂಟ್ ವೀಸಾ ಬೇಕಾಗಲ್ಲ?

ನೇಪಾಳದವರಿಗೆ ಬೇಡ. 1950ರ ಭಾರತ–ನೇಪಾಳ ಒಪ್ಪಂದದಿಂದಾಗಿ ಅವರು ಇಲ್ಲಿ ವೀಸಾ ಇಲ್ದೇ ಇರಬಹುದು, ದುಡೀಬಹುದು. ಭೂತಾನ್‌ನವರಿಗೂ ವೀಸಾ ಬೇಡ. ಆದ್ರೆ ಅವರು ನಿಜವಾಗ್ಲೂ ನೇಪಾಳದವರು ಅನ್ನೋದಕ್ಕೆ ಪಾಸ್‌ಪೋರ್ಟೋ, ನಾಗರಿಕತಾ ಪ್ರಮಾಣಪತ್ರನೋ ನೋಡಿ ಕಾಪಿ ಇಟ್ಕೊಳ್ಳಿ. ಸೆಕ್ಯುರಿಟಿ ಏಜೆನ್ಸಿ ಮೂಲಕ ಬರೋರಿಗೆ ಏಜೆನ್ಸಿಯೋರೇ ನೋಡಿರ್ತಾರೆ ಅಂತ ಬಿಟ್ಬಿಡ್ತಾರೆ, ಒಂದ್ಸಲ ಕೇಳಿ ನೋಡಿ, ಅವರ ಹತ್ರ ಏನೂ ಇರಲ್ಲ.

ಓಸಿಐ ಕಾರ್ಡ್ ಇರೋರಿಗೂ ಬೇಡ, ವಿದೇಶಿಯರ ನೋಂದಣಿ ಕಚೇರಿ ಎಫ್‌ಆರ್‌ಆರ್‌ಒನಲ್ಲಿ ರಿಜಿಸ್ಟ್ರೇಷನ್ನೂ ಬೇಡ. ಮಾಮೂಲಿ ಪ್ರೈವೇಟ್ ಕೆಲಸಕ್ಕೆ ಯಾವ ತೊಂದರೆನೂ ಇಲ್ಲ, ಆದ್ರೆ ಸಂಶೋಧನೆ, ಪತ್ರಿಕೋದ್ಯಮ, ಮಿಷನರಿ ಕೆಲಸ, ಪರ್ವತಾರೋಹಣ ಇಂಥವಕ್ಕೆ 2021ರ ಮಾರ್ಚ್ ಆದೇಶದ ಪ್ರಕಾರ ವಿಶೇಷ ಪರ್ಮಿಟ್ ತಗೋಬೇಕು. ನಿಮ್ಮದು ಆರ್ ಅಂಡ್ ಡಿ ಲ್ಯಾಬ್ ಆಗಿದ್ರೆ ಹುದ್ದೆ ಹೆಸರಲ್ಲಿ ರಿಸರ್ಚರ್ ಅಂತ ಹಾಕೋ ಮುಂಚೆ ಒಂದ್ಸಲ ವಕೀಲರನ್ನ ಕೇಳಿ.

ಬೇರೆ ವೀಸಾದಲ್ಲಿ ಆಗ್ಲೇ ಬೆಂಗಳೂರಲ್ಲಿ ಇದಾರೆ, ಹಾಗೇ ಸೇರಿಸ್ಕೊಳ್ಳಬಹುದಾ?

ಸಾಮಾನ್ಯವಾಗಿ ಆಗಲ್ಲ. ಬಿಸಿನೆಸ್ ವೀಸಾ ಮೀಟಿಂಗಿಗೆ, ವ್ಯಾಪಾರದ ಮಾತುಕತೆಗೆ, ನಿಮ್ಮ ಕಂಪನಿಯ ಎಂಪ್ಲಾಯಿ ಆಗೋದಕ್ಕಲ್ಲ. ಈ-ಟೂರಿಸ್ಟ್, ಈ-ಬಿಸಿನೆಸ್ ಅಂತ ಪ್ರಿಂಟ್ ಹಾಳೆ ತೋರಿಸೋರು ಇರ್ತಾರೆ, ಅದರ ಮೇಲೆ ಒಂದು ವರ್ಷ, ಐದು ವರ್ಷ ಅಂತ ದೊಡ್ಡದಾಗಿ ವ್ಯಾಲಿಡಿಟಿ ಇರತ್ತೆ, ಅದನ್ನ ನೋಡಿ ಮ್ಯಾನೇಜರು ಖುಷಿಯಾಗಿ ಓಕೆ ಅಂದ್ಬಿಡ್ತಾರೆ. ವ್ಯಾಲಿಡಿಟಿ ಆಮೇಲೆ, ಮೊದಲು ವೀಸಾ ಟೈಪ್ ಓದಿ. ಸ್ಟೂಡೆಂಟ್ ವೀಸಾದಲ್ಲಿ ಇಲ್ಲಿನ ಕಾಲೇಜಲ್ಲಿ ಓದ್ತಿರೋರೂ ಅಷ್ಟೇ, ಇಂಟರ್ನ್‌ಗೆ ಬೇರೆನೇ ವೀಸಾ ಇದೆ. ಇನ್ನು ನಿಮ್ಮ ಫಾರಿನ್ ಎಂಪ್ಲಾಯಿ ಜೊತೆ ಬಂದಿರೋ ಗಂಡನೋ ಹೆಂಡ್ತಿನೋ, ಅವರದು ಎಂಟ್ರಿ ವೀಸಾ, ಅದರ ಮೇಲೆ ಕೆಲಸಕ್ಕೆ ಸೇರೋ ಹಾಗಿಲ್ಲ. ಅವರು ಎಷ್ಟು ಚೆನ್ನಾಗಿ ಕೋಡ್ ಬರೆದ್ರೂ ಅಷ್ಟೇ.

ಎಂಪ್ಲಾಯ್‌ಮೆಂಟ್ ವೀಸಾ ಸಿಗೋಕೆ ಕಂಪನಿ ಕಡೆಯಿಂದ ಏನು ಇರ್ಬೇಕು?

ವೀಸಾ ಕೊಡೋದು ಅವರ ದೇಶದಲ್ಲಿರೋ ನಮ್ಮ ರಾಯಭಾರ ಕಚೇರಿ. ನಾವು ಕೊಡೋದು ಕಾಂಟ್ರಾಕ್ಟು, ಕಂಪನಿ ನೋಂದಣಿ ದಾಖಲೆ, ಇವರೇ ಯಾಕೆ ಬೇಕು ಅಂತ ಒಂದು ಪತ್ರ. ಈ ಕೊನೇದನ್ನ ಹಗುರವಾಗಿ ತಗೋಬೇಡಿ, ಯಾಕಂದ್ರೆ ಅರ್ಹ ಭಾರತೀಯರು ಸುಲಭವಾಗಿ ಸಿಗೋ ಕೆಲಸಕ್ಕೆ, ಕ್ಲರ್ಕ್ ಥರದ ಕೆಲಸಕ್ಕೆ ಈ ವೀಸಾ ಕೊಡಲ್ಲ. ಸಂಬಳ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಜಾಸ್ತಿ ಇರ್ಬೇಕು. ಇದಕ್ಕೆ ಕೆಲವರಿಗೆ ವಿನಾಯಿತಿ ಇದೆ: ತಮ್ಮ ದೇಶದ ಅಡುಗೆ ಮಾಡೋ ಬಾಣಸಿಗರು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸೋರು, ಅನುವಾದಕರು. ಇಂದಿರಾನಗರದ ಕೊರಿಯನ್ ಹೋಟೆಲ್ಲಿಗೆ ಅಲ್ಲಿಂದಲೇ ಅಡುಗೆಯವರನ್ನ ಕರೆಸೋಕೆ ಆಗೋದು ಈ ವಿನಾಯಿತಿಯಿಂದ.

ವೀಸಾ ಸ್ಟಿಕ್ಕರ್‌ನಲ್ಲಿ ಏನೇನು ನೋಡ್ಬೇಕು?

ಸ್ಕ್ಯಾನ್ ಕಾಪಿ ಬೇಡ, ಒರಿಜಿನಲ್ ಪಾಸ್‌ಪೋರ್ಟ್ ಕೈಗೆ ತಗೊಳ್ಳಿ, ಎದುರಿಗಿರೋ ಮನುಷ್ಯ, ಫೋಟೋ ಎರಡನ್ನೂ ನೋಡಿ. ಆಮೇಲೆ ಸ್ಟಿಕ್ಕರ್ ಮೇಲಿರೋ ಪಾಸ್‌ಪೋರ್ಟ್ ನಂಬರ್, ಈ ಪಾಸ್‌ಪೋರ್ಟಿನ ನಂಬರ್ ಒಂದೇನಾ ನೋಡಿ. ಬೇರೆ ಇದ್ರೆ ಗಾಬರಿ ಬೇಡ, ಹಳೇ ಪಾಸ್‌ಪೋರ್ಟಲ್ಲಿ ವೀಸಾ ಇದ್ದು ಹೊಸದು ಮಾಡಿಸಿರ್ತಾರೆ, ಆಗ ಎರಡನ್ನೂ ತರೋಕೆ ಹೇಳಿ.

ಆಮೇಲೆ ಕಂಪನಿ ಹೆಸರು. ಎಂಪ್ಲಾಯ್‌ಮೆಂಟ್ ವೀಸಾ ಒಬ್ಬ ಮನುಷ್ಯನಿಗೆ ಇಂಡಿಯಾದಲ್ಲಿ ಕೆಲಸ ಮಾಡೋಕೆ ಕೊಟ್ಟ ಪರ್ಮಿಷನ್ ಅಂತ ಜನ ಅನ್ಕೊಂಡಿರ್ತಾರೆ. ಅದು ಒಂದು ಕಂಪನಿಯಲ್ಲಿ ಕೆಲಸ ಮಾಡೋಕೆ ಕೊಟ್ಟ ಪರ್ಮಿಷನ್. ನಾನು ಮೊದಲಿದ್ದ ಕಂಪನಿಯಲ್ಲಿ ಒಬ್ಬರ ವೀಸಾ ನಮ್ಮ ಸರ್ವಿಸಸ್ ಪ್ರೈವೇಟ್ ಲಿಮಿಟೆಡ್ ಹೆಸರಲ್ಲಿತ್ತು, ಪೇರೋಲ್ ಮಾತ್ರ ಅದೇ ಬಿಲ್ಡಿಂಗಿನ, ಅದೇ ಓನರ್‌ದೇ ಆದ ಟೆಕ್ನಾಲಜೀಸ್ ಪ್ರೈವೇಟ್ ಲಿಮಿಟೆಡ್‌ನಲ್ಲಿ ನಡೀತಿತ್ತು, ಅಕೌಂಟ್ಸ್‌ನೋರಿಗೆ ಯಾವುದೋ ಟ್ಯಾಕ್ಸ್ ಲೆಕ್ಕಕ್ಕೆ ಅದು ಅನುಕೂಲ ಅಂತೆ. ಒಂದು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಎಕ್ಸ್‌ಟೆನ್ಷನ್‌ಗೆ ಸಂಬಳದ ಟ್ಯಾಕ್ಸ್ ದಾಖಲೆ ಅಪ್‌ಲೋಡ್ ಮಾಡಿದ ಮಾರನೇ ವಾರ ಕ್ವೆರಿ ಬಂತು: ವೀಸಾ ಒಂದು ಕಂಪನಿದು, ಟಿಡಿಎಸ್ ಕಟ್ಟಿರೋದು ಇನ್ನೊಂದು ಕಂಪನಿ, ಯಾಕೆ? ನಮ್ಮ ಹತ್ರ ಉತ್ತರ ಇರಲಿಲ್ಲ. ಹಾಗಾಗಿ ಆಫರ್ ಲೆಟರ್, ಕಾಂಟ್ರಾಕ್ಟ್, ವೀಸಾ, ಪೇರೋಲ್ ನಾಲ್ಕರಲ್ಲೂ ಕಂಪನಿ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ ಅಂತ ಜಾಯ್ನಿಂಗ್ ದಿನವೇ ನೋಡಿ.

ನೋಡಿ, ಕಾಪಿ ತೆಗೆದು, ಯಾರು ಯಾವತ್ತು ನೋಡಿದ್ರು ಅಂತ ಕಾಪಿ ಮೇಲೆ ಸೈನ್ ಹಾಕಿ, ಪಾಸ್‌ಪೋರ್ಟ್ ಆಗ್ಲೇ ವಾಪಸ್ ಕೊಡಿ. ಸೇಫಲ್ಲಿ ಇರ್ಲಿ ಬಿಡಿ ಸಾರ್ ಅಂತ ಇಟ್ಕೊಳ್ಳೋ ಕಂಪನಿಗಳಿವೆ, ಅದು ತಪ್ಪು.

ವೀಸಾ ಆಯ್ತು, ಇಲ್ಲಿಗೆ ಬಂದ್ಮೇಲೆ ಏನು?

ವೀಸಾ 180 ದಿನಕ್ಕಿಂತ ಜಾಸ್ತಿದಾಗಿದ್ರೆ ಬಂದಿಳಿದ 14 ದಿನದೊಳಗೆ ಎಫ್‌ಆರ್‌ಆರ್‌ಒ ರಿಜಿಸ್ಟ್ರೇಷನ್ ಆಗ್ಬೇಕು. 2018ರಿಂದ ಇದೆಲ್ಲ ಆನ್‌ಲೈನ್, indianfrro.gov.in ಅಲ್ಲಿ ಎಂಪ್ಲಾಯಿ ಹೆಸರಲ್ಲೇ ಅಕೌಂಟ್ ಮಾಡಿ ಹಾಕೋದು. ಮೊದಲಾದ್ರೆ ಶಾಂತಿನಗರ ಬಸ್ ಸ್ಟಾಂಡ್ ಮೇಲಿರೋ ಆಫೀಸಲ್ಲಿ ಬೆಳಗ್ಗೆಯಿಂದ ಟೋಕನ್ ಹಿಡ್ಕೊಂಡು ಕೂರ್ಬೇಕಿತ್ತು, ಈಗ ಅವರು ಕರೆದ್ರೆ ಮಾತ್ರ ಹೋದ್ರಾಯ್ತು. ಎಲ್ಲ ಸರಿ ಇದ್ರೆ ರೆಸಿಡೆನ್ಷಿಯಲ್ ಪರ್ಮಿಟ್ ಪಿಡಿಎಫ್ ಆಗಿ ಮೇಲ್‌ಗೆ ಬರತ್ತೆ.

ಇದರಲ್ಲಿ ಕಷ್ಟ ಕೊಡೋದು ವೀಸಾ ಅಲ್ಲ, ಮನೆ ಅಡ್ರೆಸ್. ನಮ್ಮ ಜಪಾನಿ ಎಂಜಿನಿಯರ್ ಉದಾಹರಣೆ ಹೇಳ್ತೀನಿ, ಮುಂದಕ್ಕೂ ಇವರದೇ ಕಥೆ. ಬಂದಿದ್ದು 2025 ಏಪ್ರಿಲ್ 2, ಅಂದ್ರೆ 16ರೊಳಗೆ ರಿಜಿಸ್ಟ್ರೇಷನ್. ಮೊದಲ ವಾರ ಹೋಟೆಲಲ್ಲಿದ್ರು, 10ಕ್ಕೆ ರಾಜಾಜಿನಗರದಲ್ಲಿ ಬಾಡಿಗೆ ಮನೆ. ವಿದೇಶಿಯರು ಬಂದು ಉಳಿದ 24 ಗಂಟೆಯೊಳಗೆ ಉಳಿಸ್ಕೊಂಡವರು ಅವರ ವಿವರ ತಿಳಿಸೋ ಫಾರ್ಮ್ ಸಿ ಹಾಕ್ಬೇಕು, 2025 ಸೆಪ್ಟೆಂಬರ್‌ನಿಂದ ಹೊಸ ನಿಯಮದಲ್ಲಿ ಅದರ ಹೆಸರು ಫಾರ್ಮ್ III, ಹೋಟೆಲ್‌ನೋರು ಅಭ್ಯಾಸದ ಮೇಲೆ ಹಾಕಿದ್ರು, ಮನೆ ಓನರ್ ರಿಟೈರ್ಡ್ ಮೇಷ್ಟ್ರು, ಅವರಿಗೆ ಇದರ ಹೆಸರೇ ಗೊತ್ತಿಲ್ಲ. "ಏನಮ್ಮಾ ಇದು, ಬಾಡಿಗೆ ಕೊಟ್ಟಿದ್ದಕ್ಕೆ ನನ್ನ ಹೆಸರು ಪೊಲೀಸ್ ಕಂಪ್ಯೂಟರ್‌ಗೆ ಹೋಗತ್ತಾ?" ಅಂದ್ರು. "ಇಲ್ಲ ಅಂಕಲ್, ಹಾಕಿಲ್ಲ ಅಂದ್ರೇನೇ ಹೋಗೋದು" ಅಂದೆ. ನಕ್ಕು ಆಧಾರ್ ತಂದ್ಕೊಟ್ರು, ಅವರ ಊಟದ ಟೇಬಲ್ ಮೇಲೇ ಲ್ಯಾಪ್‌ಟಾಪ್ ಇಟ್ಕೊಂಡು ಅವರ ಫೋನಿಗೆ ಬಂದ ಓಟಿಪಿ ಹಾಕಿ ಮುಗಿಸಿದ್ವಿ. ಮನೆ ಹುಡುಕುವಾಗಲೇ ಓನರ್ ಹತ್ರ ಫಾರ್ಮ್ ಸಿ ಹಾಕ್ತೀರಾ ಅಂತ ಕೇಳ್ಬಿಡಿ, ಆಗಲ್ಲ ಅನ್ನೋರ ಮನೆ ಎಷ್ಟೇ ಚೆನ್ನಾಗಿದ್ರೂ ಬೇಡ.

ಟ್ರ್ಯಾಕ್ ಮಾಡೋಕೆ ವೀಸಾ ಎಕ್ಸ್‌ಪೈರಿ ಡೇಟ್ ಒಂದು ಇದ್ರೆ ಸಾಕಾ?

ಸಾಕಾಗಲ್ಲ. ಒಂದೇ ಡೇಟ್ ಇಟ್ಕೊಂಡಿರೋ ಕಂಪನಿಗಳೇ ಕೊನೇ ವಾರದಲ್ಲಿ ಫೋನ್ ಮಾಡೋದು. ನಮ್ಮ ಎಂಜಿನಿಯರ್‌ದು ಹೀಗಿತ್ತು ನೋಡಿ. ವೀಸಾ ಕೊಟ್ಟಿದ್ದು 2025 ಮಾರ್ಚ್ 10, ಒಂದು ವರ್ಷಕ್ಕೆ, ಅಂದ್ರೆ 2026 ಮಾರ್ಚ್ 9ಕ್ಕೆ ಮುಗಿಯತ್ತೆ. ವೀಸಾ ಲೆಕ್ಕ ಶುರುವಾಗೋದು ಕೊಟ್ಟ ದಿನದಿಂದ, ಬಂದಿಳಿದ ದಿನದಿಂದಲ್ಲ, ನಮ್ಮ ಮ್ಯಾನೇಜರ್ ಏಪ್ರಿಲ್‌ಗೆ ಮುಗಿಯತ್ತೆ ಅಂತಲೇ ನಂಬಿಕೊಂಡಿದ್ರು. ರೆಸಿಡೆನ್ಷಿಯಲ್ ಪರ್ಮಿಟ್‌ನಲ್ಲೂ ಅದೇ ಮಾರ್ಚ್ 9. ಕಾಂಟ್ರಾಕ್ಟ್ ಎರಡು ವರ್ಷದ್ದು, 2027 ಮಾರ್ಚ್ 31ರವರೆಗೆ, ಅದಕ್ಕೆ ತೊಂದರೆ ಇಲ್ಲ. ಪಾಸ್‌ಪೋರ್ಟ್ 2026 ಆಗಸ್ಟ್ 20ಕ್ಕೆ ಮುಗಿಯತ್ತೆ. ಇನ್ನೊಂದನ್ನ ಯಾರೂ ಬರೆದಿಟ್ಕೊಳ್ಳಲ್ಲ, ಬಾಡಿಗೆ ಅಗ್ರಿಮೆಂಟ್. ಬೆಂಗಳೂರಲ್ಲಿ ಎಲ್ಲ 11 ತಿಂಗಳಿಗೇ ಅಲ್ವಾ, ಏಪ್ರಿಲ್ 10ಕ್ಕೆ ಶುರುವಾದ್ರೆ ಮುಗಿಯೋದು ಸರಿಯಾಗಿ ಮಾರ್ಚ್ 9. ವೀಸಾ ಮುಗಿಯೋ ದಿನವೇ ಅಡ್ರೆಸ್ ಪ್ರೂಫೂ ಸಾಯತ್ತೆ, ಆದ್ರೆ ವೀಸಾ ಎಕ್ಸ್‌ಟೆನ್ಷನ್‌ಗೆ ಚಾಲ್ತಿಯಲ್ಲಿರೋ ಅಡ್ರೆಸ್ ಪ್ರೂಫ್ ಬೇಕು.

ನಮ್ಮದು ಮಾಮೂಲಿ ಎಕ್ಸೆಲ್ ಶೀಟ್. ಒಬ್ಬರಿಗೆ ಒಂದು ಸಾಲು, ಬಿ ಕಾಲಂನಲ್ಲಿ ವೀಸಾ, ಸಿನಲ್ಲಿ ಪರ್ಮಿಟ್, ಡಿನಲ್ಲಿ ಪಾಸ್‌ಪೋರ್ಟ್, ಇನಲ್ಲಿ ಬಾಡಿಗೆ ಅಗ್ರಿಮೆಂಟ್ ಮುಗಿಯೋ ದಿನ. ಕೆಲಸ ಶುರು ಮಾಡೋ ದಿನಕ್ಕೆ ಈ ಫಾರ್ಮುಲಾ:

```
=MIN(B2:E2)-90
```

ನಾಲ್ಕರಲ್ಲಿ ಮೊದಲು ಮುಗಿಯೋದು ಯಾವುದೋ ಅದಕ್ಕೆ 90 ದಿನ ಮುಂಚೆ. ಇವರಿಗೆ 2025 ಡಿಸೆಂಬರ್ 9 ಅಂತ ಬಂತು. ಪಾಸ್‌ಪೋರ್ಟಿಗೆ ಇನ್ನೊಂದು:

```
=IF(D2<EDATE(B2,12),"ಪಾಸ್‌ಪೋರ್ಟ್ ಮೊದಲು","ಸರಿ")
```

ಮುಂದಿನ ಒಂದು ವರ್ಷದ ಎಕ್ಸ್‌ಟೆನ್ಷನ್ ಸಿಕ್ಕಿದ್ರೆ ಅಲ್ಲೀವರೆಗೆ ಪಾಸ್‌ಪೋರ್ಟ್ ಇರತ್ತಾ ಅಂತ ಇದು ನೋಡತ್ತೆ. ಜಾಯ್ನಿಂಗ್ ದಿನವೇ ಇವರ ಸಾಲಲ್ಲಿ "ಪಾಸ್‌ಪೋರ್ಟ್ ಮೊದಲು" ಅಂತ ಬಂದಿತ್ತು, ಯಾಕಂದ್ರೆ ಎಕ್ಸ್‌ಟೆನ್ಷನ್ 2027 ಮಾರ್ಚ್‌ವರೆಗೆ ಕೇಳ್ಬೇಕು, ಪಾಸ್‌ಪೋರ್ಟ್ ಆಗಸ್ಟಿಗೇ ನಿಲ್ಲತ್ತೆ. ಪಾಸ್‌ಪೋರ್ಟ್ ಮುಗಿಯೋ ದಿನ ದಾಟಿ ಸಾಮಾನ್ಯವಾಗಿ ಎಕ್ಸ್‌ಟೆನ್ಷನ್ ಸಿಗಲ್ಲ, ಐದು ತಿಂಗಳಿಗೆ ಕೊಟ್ರೆ ಮತ್ತೆ ಮೊದಲಿಂದ ಅಪ್ಲಿಕೇಷನ್, ಮತ್ತೆ ಫೀಸು.

ಆಮೇಲೆ ಆ ರಿನ್ಯೂವಲ್ ಹೇಗೆ ಮಾಡಿದ್ರಿ?

ಪಾಸ್‌ಪೋರ್ಟಿಂದ ಶುರು ಮಾಡಿದ್ವಿ. ಜಪಾನ್ ಕಾನ್ಸುಲೇಟ್ ಬೆಂಗಳೂರಲ್ಲೇ ಇರೋದ್ರಿಂದ ನವೆಂಬರಲ್ಲೇ ಹೊಸದು ಮಾಡಿಸ್ಕೊಂಡ್ರು. ಪಾಸ್‌ಪೋರ್ಟ್ ಬದಲಾದ್ರೆ ಅದನ್ನೂ ಪೋರ್ಟಲಲ್ಲಿ ಅಪ್‌ಡೇಟ್ ಮಾಡಿಸ್ಬೇಕು, ನೇರವಾಗಿ ಎಕ್ಸ್‌ಟೆನ್ಷನ್‌ಗೆ ಹಾರಿದ್ರೆ ವೀಸಾದಲ್ಲಿ ಒಂದು ನಂಬರು, ಫಾರ್ಮಲ್ಲಿ ಒಂದು ನಂಬರು ಅಂತ ಅಲ್ಲೇ ಸಿಕ್ಕಾಕ್ಕೊಳ್ಳತ್ತೆ. ವೀಸಾ ಅಂಟಿರೋ ಹಳೇ ಪಾಸ್‌ಪೋರ್ಟನ್ನ ಬಿಸಾಡಬೇಡಿ ಅಂತ ಮೂರು ಸಲ ಹೇಳಿದ್ದೆ, ಅವರು ಅದನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಜೋಪಾನವಾಗಿ ಇಟ್ಟಿದ್ರು.

ಡಿಸೆಂಬರ್ 9ಕ್ಕೆ ಶೀಟ್ ಕೆಂಪಗಾಯ್ತು, ಅವತ್ತೇ ಮೇಷ್ಟ್ರಿಗೆ ಫೋನ್ ಮಾಡಿ ಅಗ್ರಿಮೆಂಟ್ ಈಗ್ಲೇ ಮುಂದುವರಿಸೋಣ ಅಂದೆ. ಇನ್ನೂ ಮೂರು ತಿಂಗಳಿದೆಯಲ್ಲಮ್ಮಾ ಅಂದ್ರು, ಮಗಳ ಮನೆಗೆ ದಾವಣಗೆರೆಗೆ ಹೊರಟಿದ್ರು, ಸಂಕ್ರಾಂತಿ ಆದ್ಮೇಲೇ ವಾಪಸ್ಸಂತೆ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತೋ ಮುಂಚೆ ಸ್ಟಾಂಪ್ ಪೇಪರ್ ತಗೊಂಡು ಹೋಗಿ ಸೈನ್ ಹಾಕಿಸ್ಕೊಂಡ್ವಿ. ಇದನ್ನ ಮಾರ್ಚಿಗೆ ಬಿಟ್ಟಿದ್ರೆ ಏನಾಗ್ತಿತ್ತು ಅಂತ ಯೋಚನೆನೂ ಮಾಡಲ್ಲ.

ಆ ತಿಂಗಳಲ್ಲೇ ಮಿಕ್ಕ ಕಾಗದ ಸೇರಿಸಿದ್ವಿ: ಕಂಪನಿಯ ರಿಕ್ವೆಸ್ಟ್ ಲೆಟರ್, ಅವರ ಜವಾಬ್ದಾರಿ ನಮ್ಮದು ಅನ್ನೋ ಅಂಡರ್‌ಟೇಕಿಂಗ್, ಕಾಂಟ್ರಾಕ್ಟ್, ಸಂಬಳ ಮತ್ತು ಟ್ಯಾಕ್ಸ್ ದಾಖಲೆ, ಹೊಸ ಅಗ್ರಿಮೆಂಟ್, ಫಾರ್ಮ್ ಸಿ, ಪರ್ಮಿಟ್. ಜನವರಿ 8, ಅಂದ್ರೆ ಮುಗಿಯೋಕೆ 60 ದಿನ ಇರುವಾಗ ಸಬ್ಮಿಟ್. ಒಂದು ಕ್ವೆರಿ ಬಂತು, ಅಂಡರ್‌ಟೇಕಿಂಗಲ್ಲಿ ಸೈನ್ ಹಾಕಿದವರ ಹುದ್ದೆ ಸೀಲಲ್ಲಿ ಕಾಣ್ತಿಲ್ಲ ಅಂತ, ಮತ್ತೆ ಸ್ಕ್ಯಾನ್ ಮಾಡಿ ಅದೇ ದಿನ ಹಾಕಿದ್ವಿ. ಕ್ವೆರಿ ಬರೋದು ಎಂಪ್ಲಾಯಿ ಅಕೌಂಟಿಗೆ, ಅವರ ಮೇಲ್‌ಗೆ. ಅವರು ಅದನ್ನ ನೋಡಿಲ್ಲ ಅಂದ್ರೆ ಉತ್ತರ ಇಲ್ಲ ಅಂತ ಅಪ್ಲಿಕೇಷನ್ನೇ ಮುಚ್ಚಿಹೋಗಬಹುದು, ಅದಕ್ಕೇ ಸಬ್ಮಿಟ್ ಆದ್ಮೇಲೆ ಎರಡು ದಿನಕ್ಕೊಮ್ಮೆ ಅವರ ಸೀಟ್ ಹತ್ರ ಹೋಗಿ "ಮೇಲ್ ಬಂತಾ ಸ್ಯಾನ್" ಅಂತ ಕೇಳೋದು ನನ್ನ ಕೆಲಸ.

ಎಕ್ಸ್‌ಟೆನ್ಷನ್ ಪೆಂಡಿಂಗ್ ಇರುವಾಗ ಊರಿಗೆ ಹೋಗಿ ಬರಬಹುದಾ?

ಬೇಡ ಅಂತೀನಿ. ಅಪ್ಲಿಕೇಷನ್ ನಂಬರ್ ವೀಸಾ ಅಲ್ಲ. ಹಳೇ ವೀಸಾ ಮುಗಿಯೋ ಮುಂಚೆ ಹೋಗಿ ಮುಗಿದ್ಮೇಲೆ ವಾಪಸ್ ಬರೋಕೆ ನೋಡಿದ್ರೆ ಅಲ್ಲಿನ ಏರ್‌ಪೋರ್ಟಲ್ಲೇ ನಿಲ್ಲಿಸ್ತಾರೆ. ಜನವರಿಯಿಂದ ಮಾರ್ಚ್ ತನಕ ಫಾರಿನ್ ಟ್ರಿಪ್ ಹಾಕ್ಬೇಡಿ ಅಂತ ಅವರ ಮ್ಯಾನೇಜರಿಗೂ ಮುಂಚೆನೇ ಮೇಲ್ ಹಾಕಿಡಿ, ಟಿಕೆಟ್ ಬುಕ್ ಮಾಡೋದು ಅವರೇ ತಾನೇ.

ಎಷ್ಟು ವರ್ಷ ಹೀಗೆ ಎಕ್ಸ್‌ಟೆಂಡ್ ಮಾಡ್ತಾ ಹೋಗಬಹುದು?

ಎಕ್ಸ್‌ಟೆನ್ಷನ್ ಕೊಡೋದು ಎಫ್‌ಆರ್‌ಆರ್‌ಒ, ಆದ್ರೆ ಮೊದಲ ಎಂಪ್ಲಾಯ್‌ಮೆಂಟ್ ವೀಸಾ ಕೊಟ್ಟ ದಿನದಿಂದ ಒಟ್ಟು ಇಷ್ಟು ವರ್ಷ ಅಂತ ಮಿತಿ ಇದೆ, ಈಗ ಅದು ಎಷ್ಟು ಅಂತ ಪೋರ್ಟಲಲ್ಲಿ ನೋಡ್ಕೊಳ್ಳಿ. ಶೀಟಲ್ಲಿ ಇದಕ್ಕೂ ಒಂದು ಕಾಲಂ ಹಾಕಿದೀನಿ, ಯಾಕಂದ್ರೆ ಅಷ್ಟೊತ್ತಿಗೆ ಈ ಸೀಟಲ್ಲಿ ನಾನಿರ್ತೀನೋ ಇನ್ಯಾರೋ.

ಮಧ್ಯದಲ್ಲಿ ಏನಾದ್ರೂ ಬದಲಾದ್ರೆ?

ಮನೆ ಬದಲಾದ್ರೆ ಪೋರ್ಟಲಲ್ಲಿ ಅಡ್ರೆಸ್ ಬದಲಾಯಿಸ್ಬೇಕು, ಹೊಸ ಓನರ್ ಹೊಸ ಫಾರ್ಮ್ ಸಿ ಹಾಕ್ಬೇಕು. ಎಂಪ್ಲಾಯಿಗಳು ಇದನ್ನ ಹೇಳೋದೇ ಇಲ್ಲ, ಶನಿವಾರ ಸಾಮಾನು ಸಾಗಿಸ್ಬಿಟ್ಟು ಸೋಮವಾರ ಆಫೀಸಿಗೆ ಬಂದಿರ್ತಾರೆ. ನಮಗೆ ಗೊತ್ತಾಗೋದು ಕ್ಯಾಬ್ ಡ್ರೈವರ್ ಪಿಕಪ್ ಪಾಯಿಂಟ್ ಬದಲಾಯ್ತು ಮೇಡಂ ಅಂದಾಗ. ಬೇರೆ ಊರಿನ ಬ್ರಾಂಚ್‌ಗೆ ಕಳಿಸೋದಿದ್ರೆ ಕಳಿಸೋ ಮುಂಚೆನೇ ತಿಳಿಸಿ. ಕಂಪನಿ ಹೆಸರು ಬದಲಾದ್ರೆ, ಮರ್ಜರ್ ಆದ್ರೆ, ಸೆಕ್ರೆಟೇರಿಯಲ್ ಟೀಮ್‌ಗೆ ವೀಸಾ ಅನ್ನೋದು ನೆನಪೇ ಇರಲ್ಲ, ನೀವೇ ಹೋಗಿ ಕೇಳ್ಬೇಕು.

ಡೇಟ್ ಮಿಸ್ ಆದ್ರೆ ಏನಾಗತ್ತೆ?

2025 ಸೆಪ್ಟೆಂಬರ್ 1ರಿಂದ ಇಮಿಗ್ರೇಷನ್ ಅಂಡ್ ಫಾರಿನರ್ಸ್ ಆಕ್ಟ್ 2025 ಜಾರಿಯಲ್ಲಿದೆ, 1946ರ ಹಳೇ ಫಾರಿನರ್ಸ್ ಆಕ್ಟ್ ಹೋಯ್ತು. ಹೊಸದರಲ್ಲಿ ವೀಸಾ ಮುಗಿದ್ಮೇಲೂ ಇದ್ರೆ, ವೀಸಾ ಷರತ್ತು ಮುರಿದ್ರೆ 3 ವರ್ಷದವರೆಗೆ ಜೈಲು, 3 ಲಕ್ಷದವರೆಗೆ ದಂಡ, ಅಥವಾ ಎರಡೂ. ರಿಜಿಸ್ಟ್ರೇಷನ್ ಒಂದೆರಡು ದಿನ ಲೇಟಾದ್ರೆ ಸಾಮಾನ್ಯವಾಗಿ ದಂಡ ಕಟ್ಟಿಸ್ಕೊಂಡು ಮುಗಿಸ್ತಾರೆ, ಆದ್ರೆ ದಾಖಲೆಯಲ್ಲಿ ಉಳಿಯತ್ತೆ, ಮುಂದಿನ ಎಕ್ಸ್‌ಟೆನ್ಷನ್‌ನಲ್ಲಿ ಯಾಕೆ ಲೇಟಾಯ್ತು ಅಂತ ಬರೆದುಕೊಡೋ ಹಾಗಾಗತ್ತೆ. ಮಿಸ್ ಆಗಿದೆ ಅಂತ ಗೊತ್ತಾದ ದಿನ ಏಜೆಂಟರನ್ನ ಹುಡುಕ್ಕೊಂಡು ಹೋಗ್ಬೇಡಿ, ಇದ್ದದ್ದು ಇದ್ದ ಹಾಗೆ ಪತ್ರ ಬರೆದು ಅವತ್ತೇ ಪೋರ್ಟಲಲ್ಲಿ ಹಾಕಿ.

ರಾಜೀನಾಮೆ ಕೊಟ್ರು, ಪಕ್ಕದ ಕಂಪನಿಗೆ ಹೋಗ್ತಾರಂತೆ. ನಮ್ಮ ಕೆಲಸ ಮುಗೀತಾ?

ಮುಗಿಯಲ್ಲ. ಅಂಡರ್‌ಟೇಕಿಂಗ್ ಕೊಟ್ಟಿರೋದು ನೀವು, ಹಾಗಾಗಿ ಕೊನೇ ಕೆಲಸದ ದಿನ ಯಾವುದು ಅಂತ ಎಫ್‌ಆರ್‌ಆರ್‌ಒಗೆ ತಿಳಿಸೋದೂ ನೀವೇ, ತಿಳಿಸಿದ ಮೇಲ್ ಕಾಪಿ ಫೈಲಲ್ಲಿ ಇಡಿ. ಪಕ್ಕದ ಕಂಪನಿಗೆ ಅದೇ ವೀಸಾದಲ್ಲಿ ಸೇರೋಕೆ ಸಾಮಾನ್ಯವಾಗಿ ಆಗಲ್ಲ, ಒಂದೇ ಗುಂಪಿನ ಹೋಲ್ಡಿಂಗ್ ಕಂಪನಿ, ಸಬ್ಸಿಡಿಯರಿ ಮಧ್ಯೆ ಆದ್ರೆ ಅನುಮತಿ ಕೇಳೋಕೆ ದಾರಿ ಇದೆ, ಬೇರೆಯವರಿಗೆ ವಾಪಸ್ ಹೋಗಿ ಹೊಸ ಕಂಪನಿ ಹೆಸರಲ್ಲಿ ಹೊಸ ವೀಸಾ ತರೋದೇ ದಾರಿ. ನೀವೇ ಆ ಪಕ್ಕದ ಕಂಪನಿ ಆಗಿದ್ರೂ ಇದೇ ಲೆಕ್ಕ: ಕ್ಯಾಂಡಿಡೇಟ್ ಹತ್ರ ಎರಡು ವರ್ಷ ಬಾಕಿ ಇರೋ ಎಂಪ್ಲಾಯ್‌ಮೆಂಟ್ ವೀಸಾ ಇದೆ ಅಂದ್ರೆ ಅದು ಇನ್ನೊಬ್ಬರ ಹೆಸರಿನದು, ಹೊಸ ವೀಸಾ ಆಗಿ ಬರೋಕೆ ಹಿಡಿಯೋ ಟೈಮ್ ಸೇರಿಸಿ ಜಾಯ್ನಿಂಗ್ ಡೇಟ್ ಬರೀರಿ.

ನೋಟಿಸ್ ಪೀರಿಯಡ್ ಎಣಿಸುವಾಗ ವೀಸಾ ಡೇಟನ್ನೂ ಪಕ್ಕದಲ್ಲಿಟ್ಕೊಳ್ಳಿ. 90 ದಿನ ನೋಟಿಸ್ ಅಂತ ಪಟ್ಟು ಹಿಡಿದು, ವೀಸಾ 70ನೇ ದಿನಕ್ಕೆ ಮುಗಿಯೋದು ರಿಲೀವಿಂಗ್ ಲೆಟರ್ ಟೈಪ್ ಮಾಡೋ ಹೊತ್ತಿಗೆ ಗೊತ್ತಾದ ಎಚ್‌ಆರ್ ಒಬ್ಬರು ಹೋದ ವರ್ಷ ರಾತ್ರಿ ಹತ್ತು ಗಂಟೆಗೆ ನನಗೆ ಫೋನ್ ಮಾಡಿದ್ರು. ಅವತ್ತಿಗೆ 66ನೇ ದಿನ, ಮಾರನೇ ದಿನ ಬೆಳಗ್ಗೆ ಉಳಿದ ನೋಟಿಸ್ ಮನ್ನಾ ಮಾಡಿ ಟಿಕೆಟ್ ಬುಕ್ ಮಾಡಿದ್ರು.